ಜರ್ಮನಿಯ ಗೆಳೆಯನಿಗೆ ಗೇಮ್ ಗಿಫ್ಟ್: ಸ್ಟೀಮ್ ಎಲ್ಲಿ ತಡೆಯುತ್ತದೆ, ಯಾಕೆ ತಡೆಯುತ್ತದೆ

ಪ್ರಶ್ನೆ: ಸರ್, ನಾನು ತುಮಕೂರಿನವನು. ನನ್ನ ಜೊತೆ ಇಂಜಿನಿಯರಿಂಗ್ ಓದಿದ ಗೆಳೆಯ ಈಗ ಜರ್ಮನಿಯಲ್ಲಿ ಎಂ.ಎಸ್. ಮಾಡ್ತಿದ್ದಾನೆ. ಅವನ ಹುಟ್ಟುಹಬ್ಬಕ್ಕೆ ಸ್ಟೀಮ್‌ನಲ್ಲಿ ಒಂದು ಗೇಮ್ ಗಿಫ್ಟ್ ಕೊಡೋಣ ಅಂತ ಹೋದ್ರೆ ಅವನ ಹೆಸರು ಸೆಲೆಕ್ಟೇ ಆಗ್ಲಿಲ್ಲ. ಸರಿ ಅಂತ ಬೇರೆ ವೆಬ್‌ಸೈಟ್‌ನಲ್ಲಿ ಅದೇ ಗೇಮಿನ ಕೀ 1,400 ರೂಪಾಯಿಗೆ ತಗೊಂಡು ವಾಟ್ಸಾಪ್‌ನಲ್ಲಿ ಕಳಿಸಿದೆ. ಅವನು ಹಾಕಿದ್ರೆ ಈ ದೇಶದಲ್ಲಿ ಸಿಗಲ್ಲ ಅಂತ ಬರ್ತಿದೆ. ನನ್ನ ದುಡ್ಡು ಹೋಯ್ತಾ? ವಿಪಿಎನ್ ಹಾಕ್ಕೊಂಡು ಕೀ ಹಾಕು ಅಂತ ಹೇಳ್ಲಾ?

ಉತ್ತರ: ವಿಪಿಎನ್ ಬೇಡ. ದುಡ್ಡು ಬಹುಶಃ ಹೋಗಿಲ್ಲ. ಮೊದಲು ಗೆಳೆಯನಿಗೆ ಒಂದು ಮೆಸೇಜ್ ಹಾಕಿ, ಆ ಕೀಯನ್ನು ಮತ್ತೆ ಮತ್ತೆ ಹಾಕಿ ನೋಡುವುದನ್ನು ನಿಲ್ಲಿಸಲು ಹೇಳಿ. ಒಂದೇ ಖಾತೆಯಿಂದ ಪದೇ ಪದೇ ತಪ್ಪು ಪ್ರಯತ್ನ ಆದರೆ ಸ್ಟೀಮ್ ಸ್ವಲ್ಪ ಹೊತ್ತು ಯಾವ ಕೀಯನ್ನೂ ತೆಗೆದುಕೊಳ್ಳುವುದಿಲ್ಲ. ಆಗ ಸರಿಯಾದ ಕೀ ಹಾಕಿದರೂ ಬೇರೆಯೇ ಎರರ್ ಬಂದು ಗೊಂದಲ ಹೆಚ್ಚುತ್ತದೆ.

ಆಮೇಲೆ ಅವನಿಗೆ ಬಂದ ಮೆಸೇಜಿನ ಸ್ಕ್ರೀನ್‌ಶಾಟ್ ತರಿಸಿಕೊಳ್ಳಿ, ಪೂರ್ತಿ ವಾಕ್ಯ ಕಾಣುವ ಹಾಗೆ. ದೇಶದ ಕಾರಣಕ್ಕೆ ಕೀ ನಿಂತಾಗ ಸ್ಟೀಮ್ ಎರಡು ಮಾತು ಹೇಳುತ್ತದೆ. ಒಂದರಲ್ಲಿ `not available for purchase in this country` ಎಂದಿರುತ್ತದೆ. ಅದರ ಪಕ್ಕದಲ್ಲೇ `Your product key has not been redeemed` ಎಂದಿರುತ್ತದೆ. ಜನ ಮೊದಲನೆಯದನ್ನು ಓದಿ ಗಾಬರಿಯಾಗಿ ಎರಡನೆಯದನ್ನು ಬಿಟ್ಟುಬಿಡುತ್ತಾರೆ. ನಿಮ್ಮ ದುಡ್ಡಿನ ಪ್ರಶ್ನೆಗೆ ಉತ್ತರ ಇರುವುದು ಆ ಎರಡನೆಯ ಮಾತಿನಲ್ಲೇ. ಕೀ ಬಳಕೆಯಾಗಿಲ್ಲ, ಯಾರ ಖಾತೆಗೂ ಅಂಟಿಕೊಂಡಿಲ್ಲ. ಅದು ಯಾವ ದೇಶಕ್ಕೆಂದು ತಯಾರಾಗಿದೆಯೋ ಆ ದೇಶದ ಖಾತೆಯಲ್ಲಿ ಇನ್ನೂ ಚಾಲ್ತಿಯಾಗುತ್ತದೆ.

ಸ್ಕ್ರೀನ್‌ಶಾಟ್‌ನಲ್ಲಿ ಇದರ ಬದಲು `already been activated by a different Steam account` ಎಂದಿದ್ದರೆ ವಿಷಯವೇ ಬೇರೆ. ಹಾಗಿದ್ದರೆ ದೇಶಕ್ಕೂ ಇದಕ್ಕೂ ಸಂಬಂಧವಿಲ್ಲ, ನಿಮಗೆ ಬಳಸಿದ ಕೀ ಮಾರಿದ್ದಾರೆ. ಮಾರಿದವರನ್ನು ಕೂಡಲೇ ಹಿಡಿದು ದುಡ್ಡು ವಾಪಸ್ ಕೇಳಿ. ಹೊರಗಡೆ ಕೊಂಡ ಕೀಗೆ ಸ್ಟೀಮ್ ದುಡ್ಡು ವಾಪಸ್ ಕೊಡುವುದಿಲ್ಲ. ಆ ವ್ಯವಹಾರ ನಿಮ್ಮ ಮತ್ತು ಮಾರಿದವರ ನಡುವಿನದು.

ನಿಮ್ಮ ವಿವರಣೆ ನೋಡಿದರೆ ಮೊದಲನೆಯ ಸಂಗತಿಯೇ ಆಗಿರುವಂತಿದೆ. ಹಾಗಾದರೆ ಕೀ ಕೊಂಡ ಪುಟಕ್ಕೆ ಹೋಗಿ, ಯಾವ ದೇಶಗಳಲ್ಲಿ ಚಾಲ್ತಿಯಾಗುತ್ತದೆ ಎಂದು ಬರೆದಿದ್ದಾರೆ ನೋಡಿ. ಪ್ರಕಾಶಕರಿಂದಲೇ ಕೀ ಪಡೆದು ಮಾರುವ ಅಂಗಡಿಗಳು ಇದನ್ನು ಸಾಮಾನ್ಯವಾಗಿ ಬರೆದಿರುತ್ತವೆ, ಆದರೆ ಅದು ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಇರಬಹುದು. ಭಾರತ ಎಂದಿದ್ದರೆ ಆ ಕೀ ನಿಮಗೇ ಬಳಕೆಗೆ ಬರುತ್ತದೆ. ನಿಮ್ಮ ಬಳಿ ಆ ಗೇಮ್ ಇಲ್ಲದಿದ್ದರೆ `store.steampowered.com/account/registerkey` ಪುಟದಲ್ಲಿ ಹಾಕಿಕೊಳ್ಳಿ. ಇದ್ದರೆ ಊರಲ್ಲಿರುವ ಇನ್ನೊಬ್ಬ ಗೆಳೆಯನಿಗೆ ಕೊಡಿ. ಭಾರತದ ಹೆಸರು ಅಲ್ಲಿ ಇಲ್ಲದಿದ್ದರೆ, ಅಥವಾ ದೇಶದ ವಿಷಯವನ್ನೇ ಬರೆದಿರದಿದ್ದರೆ, ಕೀ ಬಳಕೆಯಾಗಿಲ್ಲ ಎಂಬ ಆ ಸ್ಕ್ರೀನ್‌ಶಾಟ್ ಇಟ್ಟುಕೊಂಡೇ ವಾಪಸಾತಿ ಕೇಳಿ. ಇಂಥ ಸಮಯದಲ್ಲಿ ನಿಮ್ಮ ಕೈಯಲ್ಲಿರುವ ಗಟ್ಟಿ ಸಾಕ್ಷಿ ಅದೊಂದೇ.

ಇನ್ನು, ಮೊದಲಿಗೆ ಸ್ಟೀಮ್ ನಿಮ್ಮನ್ನು ಯಾಕೆ ತಡೆಯಿತು ಎಂಬುದಕ್ಕೆ ಬರುತ್ತೇನೆ. ಕೀ ಕೊಳ್ಳುವ ಮುಂಚೆಯೇ ಸ್ಟೀಮ್ ನಿಮಗೆ ಉತ್ತರ ಕೊಟ್ಟಿತ್ತು. ಅದನ್ನು ಓದಿಕೊಳ್ಳಲು ಬಂದಿದ್ದರೆ 1,400 ರೂಪಾಯಿ ಉಳಿಯುತ್ತಿತ್ತು.

ಕಾರ್ಟ್‌ನಲ್ಲಿ ಗೇಮ್ ಹಾಕಿದಾಗ ಅದರ ಕೆಳಗೆ ಒಂದು ಆಯ್ಕೆ ಇರುತ್ತದೆ, ನಿಮ್ಮ ಖಾತೆಗಾ, ಗಿಫ್ಟಾ ಎಂದು. `This is a gift` ಆರಿಸಿದರೆ ನಿಮ್ಮ ಸ್ನೇಹಿತರ ಪಟ್ಟಿ ತೆರೆಯುತ್ತದೆ. ಪಟ್ಟಿಯ ಪ್ರತಿ ಹೆಸರಿಗೂ ಸ್ಟೀಮ್ ಆ ಕ್ಷಣವೇ ಲೆಕ್ಕ ಹಾಕುತ್ತದೆ: ಇವರ ಬಳಿ ಈ ಗೇಮ್ ಈಗಾಗಲೇ ಇದೆಯಾ, ಇವರ ಖಾತೆ ಯಾವ ದೇಶದ್ದು, ಆ ದೇಶದಲ್ಲಿ ಇದರ ಬೆಲೆ ಎಷ್ಟು. ಎಲ್ಲೋ ಒಂದು ಕಡೆ ಹೊಂದದಿದ್ದರೆ ಹೆಸರು ಮಂಕಾಗುತ್ತದೆ, ಒತ್ತಿದರೆ ಆಯ್ಕೆಯಾಗುವುದಿಲ್ಲ. ದುಡ್ಡು ಕೊಡುವ ಹಂತಕ್ಕೆ ಹೋಗುವ ಮುಂಚೆಯೇ ಇದು ನಡೆಯುತ್ತದೆ. 2017ರ ಮೇ ತಿಂಗಳಲ್ಲಿ ಸ್ಟೀಮ್ ನಡೆಸುವ ವಾಲ್ವ್ ಕಂಪನಿ ಗಿಫ್ಟ್ ವ್ಯವಸ್ಥೆಯನ್ನು ಹೀಗೆ ಬದಲಾಯಿಸಿತು. ಆಗ ಅವರು ಕೊಟ್ಟ ಮಾತು ಸರಳ: ಕಳಿಸಲು ಬಿಟ್ಟರೆ ಆ ಗಿಫ್ಟ್ ಪಡೆದವರ ಖಾತೆಯಲ್ಲಿ ಕೆಲಸ ಮಾಡಿಯೇ ಮಾಡುತ್ತದೆ. ಎರಡು ದೇಶಗಳ ಬೆಲೆಯಲ್ಲಿ ದೊಡ್ಡ ಅಂತರವಿದ್ದರೆ ಕಳಿಸಲು ಬಿಡುವುದೇ ಇಲ್ಲ, ಅದು ಕೊಳ್ಳುವ ಮುಂಚೆಯೇ ಗೊತ್ತಾಗುತ್ತದೆ.

ಆ ಮಾತನ್ನು ಅವರು ಉಳಿಸಿಕೊಂಡಿದ್ದಾರೆ. ಅದಕ್ಕೇ ಸ್ಟೀಮ್ ಒಳಗೇ ಗಿಫ್ಟ್ ಕೊಟ್ಟವರು ಅಲ್ಲಿ ಹೋಗಿ ಚಾಲ್ತಿಯಾಗಲಿಲ್ಲ ಎಂದು ನನ್ನ ಬಳಿ ಬರುವುದಿಲ್ಲ. ಬರುವವರೆಲ್ಲ ಹೊರಗೆ ಕೀ ಕೊಂಡವರೇ. ಕಾರ್ಟ್‌ನಲ್ಲಿ ನಡೆಯುವ ಈ ಪರೀಕ್ಷೆ ಕೀಗೆ ಇರುವುದಿಲ್ಲ. ಕೀ ಮಾರುವವರಿಗೆ ನೀವು ಅದನ್ನು ಯಾರಿಗೆ ಕೊಡುತ್ತೀರಿ ಎಂದು ಗೊತ್ತಿರುವುದಿಲ್ಲ, ಪರೀಕ್ಷೆ ನಡೆಯುವುದು ಕೊನೆಗೆ, ನಿಮ್ಮ ಗೆಳೆಯ ಅದನ್ನು ಟೈಪ್ ಮಾಡಿದಾಗ. ಅಷ್ಟರಲ್ಲಿ ನಿಮ್ಮ ದುಡ್ಡು ಕೈ ಬಿಟ್ಟಿರುತ್ತದೆ.

ಬೆಲೆಯ ಅಂತರ ಎಂದರೆ ಏನು, ಒಂದು ಲೆಕ್ಕ ಹಾಕಿ ನೋಡೋಣ. ಸುಲಭಕ್ಕೆ ಒಂದು ಯೂರೋಗೆ 100 ರೂಪಾಯಿ ಎಂದು ಹಿಡಿಯಿರಿ. ಒಂದು ಗೇಮಿಗೆ ಭಾರತದ ಸ್ಟೀಮ್‌ನಲ್ಲಿ 1,500 ರೂಪಾಯಿ, ಜರ್ಮನಿಯಲ್ಲಿ 40 ಯೂರೋ ಇದೆ ಎಂದಿಟ್ಟುಕೊಳ್ಳಿ. 40 ಯೂರೋ ಎಂದರೆ 4,000 ರೂಪಾಯಿ. ನೀವು ಇಲ್ಲಿ 1,500ಕ್ಕೆ ಕೊಂಡು ಅಲ್ಲಿಗೆ ಕಳಿಸಿದರೆ ಪ್ರಕಾಶಕರಿಗೆ 2,500 ರೂಪಾಯಿಯ ಮಾರಾಟ ತಪ್ಪಿತು. ಹೆಸರು ಮಂಕಾಗುವುದು ಇಂಥ ಗೇಮಿಗೆ. ಇನ್ನೊಂದು ಗೇಮಿಗೆ ಇಲ್ಲಿ 3,999 ರೂಪಾಯಿ, ಅಲ್ಲಿ 40 ಯೂರೋ. ಇದರಲ್ಲಿ ಅಂತರವೇ ಇಲ್ಲ, ಅದೇ ಗೆಳೆಯನ ಅದೇ ಹೆಸರು ಈ ಗೇಮಿಗೆ ಆಯ್ಕೆಯಾಗುತ್ತದೆ. ತಡೆ ನಿಮ್ಮ ಗೆಳೆಯನ ಮೇಲೂ ಇಲ್ಲ, ಜರ್ಮನಿಯ ಮೇಲೂ ಇಲ್ಲ. ಆ ಒಂದು ಗೇಮಿನ ಎರಡು ಬೆಲೆಗಳ ನಡುವೆ ಇದೆ. ಆದ್ದರಿಂದ ಒಂದು ಗೇಮ್ ಹೋಗಲಿಲ್ಲ ಎಂದು ಅವನಿಗೆ ಯಾವುದೂ ಹೋಗುವುದಿಲ್ಲ ಎಂದುಕೊಳ್ಳಬೇಡಿ.

ಇದಕ್ಕೆ ಕಾರಣ ತೆರಿಗೆ ಎಂದು ಹಲವರು ಹೇಳುತ್ತಾರೆ. ಅದು ನಿಜವಲ್ಲ. ಇಲ್ಲಿ ನಾವು ಕೊಡುವ ಬೆಲೆಯೊಳಗೆ 18% ಜಿಎಸ್‌ಟಿ ಇದೆ, ಜರ್ಮನಿಯ ಬೆಲೆಯೊಳಗೆ 19% ವ್ಯಾಟ್ ಇದೆ. ಎರಡೂ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಹುಟ್ಟುವುದು ಪ್ರಕಾಶಕರು ಪ್ರತಿ ದೇಶಕ್ಕೂ ಬೇರೆ ಬೇರೆ ಬೆಲೆ ಕಟ್ಟುವುದರಿಂದ. ವಾಲ್ವ್ ಪ್ರತಿ ಕರೆನ್ಸಿಗೂ ಒಂದು ಸಲಹಾ ಬೆಲೆ ಕೊಡುತ್ತದೆ, ಕೊನೆಯ ತೀರ್ಮಾನ ಪ್ರಕಾಶಕರದ್ದು. ಕೆಲವರು ನಮ್ಮ ಕಡೆಯ ಜನರ ಜೇಬು ನೋಡಿ ಕಡಿಮೆ ಇಡುತ್ತಾರೆ, ಕೆಲವರು ಡಾಲರ್ ಬೆಲೆಯನ್ನೇ ನೇರವಾಗಿ ರೂಪಾಯಿಗೆ ತಿರುಗಿಸಿ ಇಡುತ್ತಾರೆ. ಸ್ಟೀಮ್‌ನಲ್ಲಿ ರೂಪಾಯಿ ಬೆಲೆ ಬಂದದ್ದೇ 2015ರ ನವೆಂಬರ್‌ನಲ್ಲಿ. ಅದಕ್ಕೂ ಮುಂಚೆ ನಾವೂ ಡಾಲರ್‌ನಲ್ಲೇ ಕೊಡುತ್ತಿದ್ದೆವು.

ಸೇಲ್ ಬರಲಿ, ಆಗ ಅಂತರ ಕಡಿಮೆಯಾಗುತ್ತದೆ ಎಂದು ಕಾಯುವುದೂ ಉಪಯೋಗವಿಲ್ಲ. 50% ರಿಯಾಯಿತಿ ಎಂದರೆ ಸಾಮಾನ್ಯವಾಗಿ ಎಲ್ಲ ದೇಶಕ್ಕೂ 50%. ನಮ್ಮ ಮೊದಲ ಲೆಕ್ಕದ ಗೇಮ್ ಇಲ್ಲಿ 750 ಆಗುತ್ತದೆ, ಅಲ್ಲಿ 20 ಯೂರೋ ಆಗುತ್ತದೆ. ಅನುಪಾತ ಇದ್ದಲ್ಲೇ ಇರುತ್ತದೆ, ತಡೆಯೂ ಇದ್ದಲ್ಲೇ ಇರುತ್ತದೆ.

ಪಾವಗಡದ ಕಡೆಯವರಿಗೆ ಇದು ಬೇಗ ಅರ್ಥವಾಗುತ್ತದೆ. ಸುತ್ತ ಆಂಧ್ರ ಇರುವ ತಾಲ್ಲೂಕು ಅದು. ಅಲ್ಲಿಗಿಂತ ನಮ್ಮಲ್ಲಿ ಪೆಟ್ರೋಲ್ ಅಗ್ಗವಿದ್ದಾಗ ಗಡಿಯಾಚೆಯ ಗಾಡಿಗಳು ಈಚೆ ಬಂದು ಟ್ಯಾಂಕ್ ತುಂಬಿಸಿಕೊಂಡು ಹೋಗುತ್ತವೆ. ಬಂಕಿನವರಿಗೆ ಅದನ್ನು ತಡೆಯುವ ದಾರಿಯಿಲ್ಲ. ಗೇಮ್ ಮಾರುವವರಿಗೆ ಆ ದಾರಿ ಇದೆ, ಯಾಕೆಂದರೆ ಪ್ರತಿ ಖಾತೆಯ ಮೇಲೂ ದೇಶದ ಹೆಸರಿದೆ.

ಹಿಂದೆ ಇಷ್ಟು ಬಿಗಿ ಇರಲಿಲ್ಲ. ಆಗ ಗಿಫ್ಟ್ ಪ್ರತಿಯನ್ನು ಕೊಂಡು ನಿಮ್ಮ ಇನ್ವೆಂಟರಿಯಲ್ಲಿ ಇಟ್ಟುಕೊಳ್ಳಬಹುದಿತ್ತು, ಬೇಕಾದಾಗ ಬೇಕಾದವರಿಗೆ ಕೊಡಬಹುದಿತ್ತು, ಅದಲು ಬದಲು ಮಾಡಿಕೊಳ್ಳಬಹುದಿತ್ತು. ಅದರಿಂದ ಒಂದು ವ್ಯಾಪಾರವೇ ಹುಟ್ಟಿತು. ಬೆಲೆ ಕಡಿಮೆ ಇರುವ ದೇಶದಲ್ಲಿ ರಾಶಿ ರಾಶಿ ಕೊಂಡು ಬೆಲೆ ಹೆಚ್ಚಿರುವ ಕಡೆ ಮಾರುವುದು. 2014ರ ಡಿಸೆಂಬರ್‌ನಲ್ಲಿ ರಷ್ಯಾದ ರೂಬಲ್ ಕುಸಿದಾಗ ಅಲ್ಲಿನ ಬೆಲೆ ಡಾಲರ್ ಲೆಕ್ಕದಲ್ಲಿ ನೆಲ ಕಚ್ಚಿತು. ಅದೇ ತಿಂಗಳು ವಾಲ್ವ್ ಅಲ್ಲಿಂದ ಹೊರಗೆ ಗಿಫ್ಟ್ ಕಳಿಸುವುದಕ್ಕೆ ಬೀಗ ಹಾಕಿತು. 2017ರಲ್ಲಿ ಇನ್ವೆಂಟರಿಯಲ್ಲಿ ಇಟ್ಟುಕೊಳ್ಳುವುದನ್ನೇ ತೆಗೆದು, ಕೊಡುವವರಿಂದ ಪಡೆಯುವವರಿಗೆ ನೇರ ಎಂದು ಮಾಡಿತು. ಹುಟ್ಟುಹಬ್ಬಕ್ಕೆ ಒಂದು ಗೇಮ್ ಕೊಡಲು ಹೊರಟ ನಿಮ್ಮಂಥವರಿಗೆ ಇದರಿಂದ ಅನ್ಯಾಯವಾಗಿದೆ ಎಂದು ನನಗೂ ಅನಿಸುತ್ತದೆ. ಆದರೆ ಈ ಬೀಗ ತೆಗೆದರೆ ಪ್ರಕಾಶಕರು ಮೊದಲು ಮಾಡುವ ಕೆಲಸ ನಮ್ಮ ರೂಪಾಯಿ ಬೆಲೆಯನ್ನು ಯೂರೋ ಮಟ್ಟಕ್ಕೆ ಏರಿಸುವುದು. ಇಲ್ಲಿ 1,500ಕ್ಕೆ ಗೇಮ್ ಸಿಗುತ್ತಿರುವುದು ಆ ಬೀಗದ ದೆಸೆಯಿಂದಲೇ.

ಇದುವರೆಗೆ ಹೇಳಿದ್ದು ಬೆಲೆಯ ತಡೆ. ಇನ್ನೊಂದು ತಡೆ ಇದೆ, ನಿಮ್ಮ ಕೀ ಸಿಕ್ಕಿಬಿದ್ದಿರುವುದು ಅದರಲ್ಲಿ.

ಸ್ಟೀಮ್‌ನಲ್ಲಿ ನಾವು ಕೊಳ್ಳುವುದು ಗೇಮನ್ನು ಎಂದು ಕಂಡರೂ, ನಿಜಕ್ಕೂ ನಮ್ಮ ಖಾತೆಗೆ ಸೇರುವುದು ಒಂದು ಪ್ಯಾಕೇಜು. ಒಂದೇ ಗೇಮಿಗೆ ಹಲವು ಪ್ಯಾಕೇಜುಗಳಿರಬಹುದು. ಪ್ರಪಂಚಕ್ಕೆಲ್ಲ ಒಂದು, ಜರ್ಮನಿಗೇ ಒಂದು, ಭಾರತ ಮತ್ತು ಸುತ್ತಲಿನ ದೇಶಗಳಿಗೆ ಇನ್ನೊಂದು. ಪ್ರತಿ ಪ್ಯಾಕೇಜಿಗೂ ಪ್ರಕಾಶಕರು ದೇಶಗಳ ಪಟ್ಟಿ ಅಂಟಿಸಬಹುದು. ಕೀ ಎಂದರೆ ಒಂದು ನಿರ್ದಿಷ್ಟ ಪ್ಯಾಕೇಜಿನ ಬಾಗಿಲು ತೆಗೆಯುವ ಅಕ್ಷರಗಳು, ಅಷ್ಟೇ. ಭಾರತದ ಮಾರಾಟಕ್ಕೆಂದು ಕೊಟ್ಟ ಕೀ ಭಾರತದ ಪ್ಯಾಕೇಜಿನದ್ದಾಗಿರುತ್ತದೆ, ಜರ್ಮನಿಯ ಖಾತೆಯಲ್ಲಿ ಹಾಕಿದರೆ ಆ ಪಟ್ಟಿಯಲ್ಲಿ ಜರ್ಮನಿ ಇರುವುದಿಲ್ಲ.

ಕುತೂಹಲವಿದ್ದರೆ ಇದನ್ನು ನೀವೇ ನೋಡಬಹುದು. ಸ್ಟೀಮ್‌ಡಿಬಿ ಎಂಬ ತಾಣದಲ್ಲಿ ಗೇಮಿನ ಹೆಸರು ಹುಡುಕಿ, ಅದರ ಪ್ಯಾಕೇಜುಗಳ ಪಟ್ಟಿ ತೆರೆಯಿರಿ. ದೇಶದ ತಡೆ ಇರುವ ಪ್ಯಾಕೇಜಿನಲ್ಲಿ ಈ ರೀತಿಯ ಸಾಲುಗಳು ಕಾಣುತ್ತವೆ:

```
purchaserestrictedcountries           IN NP LK BD
allowpurchasefromrestrictedcountries  1
onlyallowrunincountries               IN NP LK BD
```

ಮೊದಲ ಸಾಲು ದೇಶಗಳ ಪಟ್ಟಿ. ಎರಡನೆಯ ಸಾಲಿನಲ್ಲಿ 1 ಇದ್ದರೆ ಆ ಪಟ್ಟಿಯ ದೇಶಗಳಲ್ಲಿ ಮಾತ್ರ ಕೊಳ್ಳಬಹುದು ಎಂದು ಅರ್ಥ, 0 ಇದ್ದರೆ ಆ ದೇಶಗಳನ್ನು ಬಿಟ್ಟು ಉಳಿದ ಕಡೆ. ನಿಮ್ಮ ಕೀ ನಿಂತಿರುವುದು ಈ ಎರಡು ಸಾಲುಗಳ ಮೇಲೆ.

ಮೂರನೆಯ ಸಾಲು ಎಲ್ಲ ಪ್ಯಾಕೇಜಿನಲ್ಲೂ ಇರುವುದಿಲ್ಲ. ಇದ್ದರೆ ಮಾತ್ರ ಬಹಳ ಎಚ್ಚರ ಬೇಕು. ಮೊದಲ ಎರಡು ಸಾಲು ಕೊಳ್ಳುವಾಗ, ಕೀ ಹಾಕುವಾಗ ಮಾತ್ರ ತಡೆಯುತ್ತವೆ. ಒಮ್ಮೆ ಖಾತೆಗೆ ಸೇರಿದ ಮೇಲೆ ಪ್ರಪಂಚದ ಯಾವ ಮೂಲೆಯಲ್ಲಿ ಕೂತಾದರೂ ಆಡಬಹುದು. ಮೂರನೆಯ ಸಾಲು ಆಡುವುದನ್ನೇ ತಡೆಯುತ್ತದೆ. ಲೈಬ್ರರಿಯಲ್ಲಿ ಗೇಮ್ ಕಾಣುತ್ತದೆ, ಆದರೆ ಪಟ್ಟಿಯ ಹೊರಗಿನ ದೇಶದಲ್ಲಿ ತೆರೆಯಲು ಹೋದರೆ ತೆರೆಯುವುದಿಲ್ಲ. ಓದಲೆಂದು ವಿದೇಶಕ್ಕೆ ಹೊರಟ ಹುಡುಗರು ಇಲ್ಲಿಂದ ಅಗ್ಗದ ಕೀಗಳನ್ನು ಮೊದಲೇ ತುಂಬಿಸಿಕೊಂಡು ಹೋಗುತ್ತಾರಲ್ಲ, ಅವರು ನೋಡಿಕೊಳ್ಳಬೇಕಾದದ್ದು ಈ ಸಾಲನ್ನೇ.

ಬೆಲೆಯ ತಡೆಯೋ ದೇಶದ ತಡೆಯೋ ಎಂದು ತಿಳಿಯಲು ಸ್ಟೀಮ್‌ಡಿಬಿಯವರೆಗೂ ಹೋಗಬೇಕಿಲ್ಲ. ಆ ಗೇಮಿನ ಸ್ಟೀಮ್ ಪುಟದ ಲಿಂಕನ್ನು ಗೆಳೆಯನಿಗೆ ಕಳಿಸಿ, ಲಾಗಿನ್ ಆಗಿದ್ದುಕೊಂಡು ತೆರೆಯಲು ಹೇಳಿ. ಯೂರೋ ಬೆಲೆ ಕಾಣಿಸಿದರೆ ಗೇಮ್ ಅಲ್ಲಿ ಮಾರಾಟಕ್ಕಿದೆ, ನಿಮ್ಮನ್ನು ಕಾರ್ಟ್‌ನಲ್ಲಿ ತಡೆದದ್ದು ಬೆಲೆ. ಅವನ ದೇಶದಲ್ಲಿ ಲಭ್ಯವಿಲ್ಲ ಎಂದು ಬಂದರೆ ಬೆಲೆಯ ಮಾತೇ ಇಲ್ಲ, ಯಾರು ಎಲ್ಲಿಂದ ಕಳಿಸಿದರೂ ಅವನಿಗೆ ಮುಟ್ಟುವುದಿಲ್ಲ. ಜರ್ಮನಿಯ ವಿಷಯದಲ್ಲಿ ಈ ಎರಡನೆಯದು ಅಪರೂಪವಲ್ಲ. ಅಲ್ಲಿನ ಕಾನೂನಿನ ಪ್ರಕಾರ ಗೇಮಿಗೆ ವಯಸ್ಸಿನ ರೇಟಿಂಗ್ ಇರಬೇಕು. 2024ರ ನವೆಂಬರ್ 15ರಿಂದ ರೇಟಿಂಗ್ ಇಲ್ಲದ ಗೇಮುಗಳನ್ನು ಸ್ಟೀಮ್ ಜರ್ಮನಿಯಲ್ಲಿ ತೋರಿಸುವುದನ್ನೇ ನಿಲ್ಲಿಸಿದೆ. ಪ್ರಕಾಶಕರು ಸ್ಟೀಮ್‌ನೊಳಗೇ ಒಂದು ಪ್ರಶ್ನಾವಳಿ ತುಂಬಿದರೆ ರೇಟಿಂಗ್ ಸಿಗುತ್ತದೆ, ಆದರೆ ಹಳೆಯ, ಸಣ್ಣ ತಂಡಗಳ ಗೇಮುಗಳಿಗೆ ಅದನ್ನು ತುಂಬುವವರೇ ಇರುವುದಿಲ್ಲ. ನೀವು ಇಲ್ಲಿ ಆಡಿ ಮೆಚ್ಚಿದ ಹಳೆಯ ಇಂಡೀ ಗೇಮ್ ಅಲ್ಲಿ ಕಾಣದೇ ಹೋಗಲು ಇದೊಂದು ಕಾರಣ.

ಯೂರೋಪಿನಲ್ಲಿ ಇಂಥ ಬೀಗ ಕಾನೂನುಬಾಹಿರ ಎಂದು ಓದಿದ್ದೇನೆ ಎಂದು ಯಾರಾದರೂ ನಿಮಗೆ ಹೇಳಬಹುದು. ಅರ್ಧ ನಿಜ. 2021ರ ಜನವರಿಯಲ್ಲಿ ಯೂರೋಪಿಯನ್ ಕಮಿಷನ್ ವಾಲ್ವ್‌ಗೂ ಐದು ಪ್ರಕಾಶಕರಿಗೂ ಒಟ್ಟು 78 ಲಕ್ಷ ಯೂರೋ ದಂಡ ಹಾಕಿತು, ವಾಲ್ವ್ ಹಾಕಿದ ಮೇಲ್ಮನವಿ 2023ರಲ್ಲಿ ಬಿದ್ದುಹೋಯಿತು. ಆದರೆ ಆ ಪ್ರಕರಣ ಪೋಲೆಂಡ್, ಹಂಗೇರಿಯಂಥ ದೇಶಗಳಲ್ಲಿ ಕೊಂಡ ಕೀ ಜರ್ಮನಿ, ಫ್ರಾನ್ಸ್‌ಗಳಲ್ಲಿ ಚಾಲ್ತಿಯಾಗದಂತೆ ಮಾಡಿದ್ದರ ಬಗ್ಗೆ, ಅಂದರೆ ಆ ಒಕ್ಕೂಟದ ಒಳಗಿನ ಗಡಿಗಳ ಬಗ್ಗೆ. ಭಾರತದ ಕೀಗೆ ಅದು ಅನ್ವಯಿಸುವುದಿಲ್ಲ.

ವಿಪಿಎನ್ ಬೇಡ ಎಂದೆ, ಕಾರಣ ಹೇಳಬೇಕು. ನೀವು ಎಲ್ಲಿದ್ದೀರಿ ಎಂಬುದನ್ನು ಮರೆಮಾಚಿ ದೇಶದ ತಡೆಯನ್ನು ದಾಟಬಾರದು ಎಂದು ಸ್ಟೀಮ್‌ನ ಒಪ್ಪಂದದಲ್ಲೇ ಬರೆದಿದೆ. ಹಾಗೆ ಮಾಡಿದರೆ ಖಾತೆಯನ್ನೇ ಮುಚ್ಚುವ ಹಕ್ಕು ಅವರಿಗಿದೆ. ಅಪಾಯ ನಿಮ್ಮ ಖಾತೆಗಲ್ಲ, ಅವನ ಖಾತೆಗೆ. ವರ್ಷಗಟ್ಟಲೆ ಕೂಡಿಟ್ಟ ಗೇಮುಗಳೆಲ್ಲ ಅದರಲ್ಲಿರುತ್ತವೆ. 1,400 ರೂಪಾಯಿಯ ಗಿಫ್ಟಿಗಾಗಿ ಅವನನ್ನು ಆ ಅಪಾಯಕ್ಕೆ ತಳ್ಳಬೇಡಿ. ಇನ್ನು, ಆ ಪ್ಯಾಕೇಜಿನಲ್ಲಿ ಮೂರನೆಯ ಸಾಲು ಇದ್ದರೆ ಕೀ ಒಳಗೆ ಹೋದರೂ ಗೇಮ್ ತೆರೆಯುವುದಿಲ್ಲ. ಆಗ ಕೀ ಖರ್ಚಾಯಿತು, ಅವನಿಗೂ ಸಿಗಲಿಲ್ಲ, ನಿಮಗೂ ಉಳಿಯಲಿಲ್ಲ.

ಖಾತೆಯ ದೇಶವನ್ನು ಸ್ವಲ್ಪ ದಿನಕ್ಕೆ ಭಾರತಕ್ಕೆ ಬದಲಾಯಿಸಿಕೊಳ್ಳಲಿ ಎಂಬ ಯೋಚನೆಯೂ ಬರಬಹುದು. ಸ್ಟೀಮ್‌ನ `Account details` ಪುಟದಲ್ಲಿ ದೇಶದ ಹೆಸರಿರುತ್ತದೆ. ಅದನ್ನು ಬದಲಿಸಬೇಕೆಂದರೆ ಹೊಸ ದೇಶದ ಕಾರ್ಡ್ ಅಥವಾ ಅಲ್ಲಿನ ಪಾವತಿ ವಿಧಾನದಿಂದ ಒಂದು ಖರೀದಿ ಮುಗಿಸಬೇಕು, ಮತ್ತು ಮೂರು ತಿಂಗಳಿಗೆ ಒಂದೇ ಸಲ ಬದಲಿಸಬಹುದು. ನಿಜವಾಗಿ ವಾಸ ಬದಲಿಸಿದವರಿಗೆ ಇರುವ ಅನುಕೂಲ ಅದು. ಜರ್ಮನಿಯಲ್ಲೇ ಇದ್ದುಕೊಂಡು ಆಡುವ ಆಟವಲ್ಲ.

ಹಾಗಾದರೆ ಅವನಿಗೆ ಏನು ಕೊಡಬಹುದು? ನೀವು ಮನಸ್ಸಿನಲ್ಲಿ ಇಟ್ಟುಕೊಂಡ ಗೇಮೇ ಆಗಬೇಕು ಎಂಬ ಹಟ ಇಲ್ಲದಿದ್ದರೆ, ಅವನ ವಿಶ್‌ಲಿಸ್ಟ್ ತೆರೆದು ಒಂದೊಂದನ್ನೇ ನಿಮ್ಮ ಕಾರ್ಟ್‌ಗೆ ಹಾಕಿ ಗಿಫ್ಟ್ ಪಟ್ಟಿಯಲ್ಲಿ ಅವನ ಹೆಸರು ಆಯ್ಕೆಯಾಗುತ್ತದಾ ನೋಡಿ. ದುಡ್ಡು ಕೊಡುವವರೆಗೆ ಏನೂ ಖರ್ಚಿಲ್ಲ, ಎಷ್ಟು ಬೇಕಾದರೂ ಪ್ರಯತ್ನಿಸಬಹುದು. ರೂಪಾಯಿ ಬೆಲೆ ಯೂರೋಗೆ ಹತ್ತಿರ ಇರುವ ಗೇಮ್ ಒಂದಾದರೂ ಸಿಗುವ ಸಾಧ್ಯತೆ ಹೆಚ್ಚು. ಸಿಕ್ಕಿದರೆ ಅದೇ ಒಳ್ಳೆಯ ದಾರಿ. ಗಿಫ್ಟ್ ಹುಟ್ಟುಹಬ್ಬದ ದಿನವೇ ತಲುಪುವಂತೆ ದಿನಾಂಕ ಇಡಬಹುದು, ಒಂದೆರಡು ಸಾಲು ಬರೆದು ಕಳಿಸಬಹುದು. ಅವನು ಬೇಡ ಎಂದು ತಿರಸ್ಕರಿಸಿದರೆ ದುಡ್ಡು ನಿಮಗೇ ವಾಪಸ್ ಬರುತ್ತದೆ.

ಅದೇ ಗೇಮ್ ಆಗಬೇಕು ಎಂದರೆ ಯೂರೋ ಬೆಲೆ ಕೊಡದೆ ಬೇರೆ ದಾರಿಯಿಲ್ಲ. ಅದನ್ನು ಒಪ್ಪಿಕೊಂಡ ಮೇಲೆ ದಾರಿಗಳು ಸುಲಭ. ನಿಮ್ಮ ಸ್ಟೀಮ್‌ನಲ್ಲಿ ಡಿಜಿಟಲ್ ಗಿಫ್ಟ್ ಕಾರ್ಡ್ ಕೊಳ್ಳುವ ಪುಟ ತೆರೆದರೆ, ಅದರಿಂದ ಅವನ ವಾಲೆಟ್‌ಗೆ ದುಡ್ಡು ಕಳಿಸಬಹುದು. ನೀವು ಕಳಿಸಿದ ಮೊತ್ತ ಅವನ ಕಡೆ ಯೂರೋ ಆಗಿ ಸೇರುತ್ತದೆ. ಇದಕ್ಕೆ ನೀವಿಬ್ಬರೂ ಸ್ಟೀಮ್‌ನಲ್ಲಿ ಕನಿಷ್ಠ ಮೂರು ದಿನದಿಂದ ಸ್ನೇಹಿತರಾಗಿರಬೇಕು, ಮತ್ತು ನಿಮ್ಮ ವಾಲೆಟ್‌ನಲ್ಲಿರುವ ದುಡ್ಡಿನಿಂದ ಆ ಕಾರ್ಡ್ ಕೊಳ್ಳಲು ಬರುವುದಿಲ್ಲ. ಇದಕ್ಕೆ ಬೆಲೆ ಅಂತರದ ತಡೆ ಇಲ್ಲ, ಯಾಕೆಂದರೆ ಗೇಮನ್ನು ಅವನೇ ಅವನ ದೇಶದ ಬೆಲೆಗೆ ಕೊಳ್ಳುತ್ತಾನೆ. ಇದಕ್ಕಿಂತ ಸುಲಭದ್ದು, ತುಮಕೂರಿನಲ್ಲಿ ನಾನು ಹೆಚ್ಚಿನವರಿಗೆ ಹೇಳುವುದು: ಅವನ ಊರಿನ ಬ್ಯಾಂಕ್ ಖಾತೆಗೆ ಯುಪಿಐ ಮಾಡಿಬಿಡಿ, ಅವನು ಅಲ್ಲಿ ಕೊಳ್ಳಲಿ. ಸುತ್ತುಕಾಗದ ಬಿಚ್ಚುವ ಖುಷಿ ಇದರಲ್ಲಿ ಇಲ್ಲ ನಿಜ. ಆದರೆ ಅವನು ಕೊಂಡ ಗೇಮ್ ಅವನ ದೇಶದ ಪ್ಯಾಕೇಜಿನದ್ದು, ನಾಳೆ ಯಾವ ತಕರಾರೂ ಬರುವುದಿಲ್ಲ.

ಬೆಲೆಯ ತಡೆ ಸಾಮಾನ್ಯವಾಗಿ ಒಂದೇ ದಿಕ್ಕಿಗೆ ಎಂಬುದೂ ತಿಳಿದಿರಲಿ. ಅಗ್ಗದ ದೇಶದಿಂದ ದುಬಾರಿ ದೇಶಕ್ಕೆ ಹೋಗುವುದಿಲ್ಲ. ದುಬಾರಿ ದೇಶದಿಂದ ಅಗ್ಗದ ದೇಶಕ್ಕೆ ಹೋಗುತ್ತದೆ. ಕ್ಯಾತ್ಸಂದ್ರದ ಹುಡುಗನೊಬ್ಬನಿಗೆ ಅಮೆರಿಕದಲ್ಲಿರುವ ಚಿಕ್ಕಪ್ಪ ಕಳಿಸಿದ ಗಿಫ್ಟ್ ಒಂದು ತೊಡಕೂ ಇಲ್ಲದೆ ಬಂದದ್ದು ಇದಕ್ಕೇ. ಚಿಕ್ಕಪ್ಪ ಡಾಲರ್ ಬೆಲೆ ಕೊಟ್ಟಿದ್ದರು, ಪ್ರಕಾಶಕರಿಗೆ ನಷ್ಟವಿರಲಿಲ್ಲ. ನಿಮ್ಮ ಗೆಳೆಯ ನಿಮಗೆ ಗಿಫ್ಟ್ ಕಳಿಸಿ ನೋಡಿದೆ, ಹೋಯಿತು, ಹಾಗಾದರೆ ನಿಂದು ಯಾಕೆ ಬರಲ್ಲ ಎಂದು ಕೇಳಿದರೆ ಉತ್ತರ ಇದು.

ಕಡಿಮೆ ಬೆಲೆಯ ಕೀ ಮಾರುವ ಸಂತೆಯಂಥ ತಾಣಗಳಿವೆ, ಅಲ್ಲಿ ಮಾರುವವರು ಬಿಡಿ ವ್ಯಕ್ತಿಗಳು, ಕೀ ಎಲ್ಲಿಂದ ಬಂತು ಎಂದು ಯಾರಿಗೂ ಗೊತ್ತಿರುವುದಿಲ್ಲ. ಕದ್ದ ಕಾರ್ಡಿನಿಂದ ಕೊಂಡ ಕೀಗಳು ಅಲ್ಲಿಗೆ ಬರುತ್ತವೆ. ಕಾರ್ಡಿನ ಒಡೆಯ ಬ್ಯಾಂಕಿಗೆ ದೂರು ಕೊಟ್ಟಾಗ ಪ್ರಕಾಶಕರು ಆ ಕೀಯನ್ನು ರದ್ದು ಮಾಡುತ್ತಾರೆ, ಕೆಲವು ವಾರಗಳ ನಂತರ ಗೇಮ್ ಲೈಬ್ರರಿಯಿಂದಲೇ ಮಾಯವಾಗುತ್ತದೆ. ಗಿಫ್ಟ್ ಕೊಡಲು ಅಂಥ ಕಡೆ ಹೋಗಬೇಡಿ.

ಅವನಿಗೆ ಕನ್ಸೋಲ್ ಇದ್ದರೆ ಲೆಕ್ಕ ಬೇರೆ. ಎಕ್ಸ್‌ಬಾಕ್ಸ್‌ನಲ್ಲಿ ಗಿಫ್ಟ್ ಎಂದರೆ ಒಂದು ಕೋಡ್, ಕೊಂಡ ದೇಶದಲ್ಲೇ ಅದು ಚಾಲ್ತಿಯಾಗುತ್ತದೆ, ಇಲ್ಲಿಂದ ಕಳಿಸಿ ಪ್ರಯೋಜನವಿಲ್ಲ. ಪ್ಲೇಸ್ಟೇಷನ್‌ನಲ್ಲಿ ಖಾತೆಯ ದೇಶ ತೆರೆಯುವಾಗ ಆರಿಸಿದ್ದೇ ಕೊನೆ, ಬದಲಾಗುವುದಿಲ್ಲ. ಇದು ಬಹಳ ಜನರಿಗೆ ತಲೆನೋವು, ನಿಮಗೆ ಮಾತ್ರ ಅನುಕೂಲವಾಗಬಹುದು. ಅವನು ಆ ಖಾತೆಯನ್ನು ತುಮಕೂರಿನಲ್ಲಿದ್ದಾಗ ಭಾರತ ಎಂದು ತೆರೆದಿದ್ದರೆ, ಜರ್ಮನಿಯಲ್ಲಿ ಕೂತರೂ ಅದು ಭಾರತದ ಖಾತೆಯೇ. ರೂಪಾಯಿಯ ಪ್ಲೇಸ್ಟೇಷನ್ ಗಿಫ್ಟ್ ಕಾರ್ಡನ್ನು ನೀವು ಇಲ್ಲಿ ಕೊಂಡು ಸಂಖ್ಯೆ ಕಳಿಸಿದರೆ ಸೇರಿಕೊಳ್ಳುತ್ತದೆ. ಅಲ್ಲಿಗೆ ಹೋದ ಮೇಲೆ ಹೊಸದಾಗಿ ಜರ್ಮನಿ ಎಂದು ತೆರೆದಿದ್ದರೆ ಯೂರೋ ಕಾರ್ಡೇ ಬೇಕು. ಕಾರ್ಡ್ ಕೊಳ್ಳುವ ಮುಂಚೆ, ಅವನ ಪ್ಲೇಸ್ಟೇಷನ್ ಸ್ಟೋರ್‌ನಲ್ಲಿ ಬೆಲೆ ರೂಪಾಯಿಯಲ್ಲಿ ಕಾಣುತ್ತದಾ ಯೂರೋದಲ್ಲಾ ಎಂದು ಕೇಳಿ. ಅಷ್ಟು ಸಾಕು.

ಕೊನೆಗೆ ಒಂದು ವಿಷಯ, ಸ್ಟೀಮ್ ಒಳಗೇ ಗಿಫ್ಟ್ ಕೊಡುವ ದಾರಿ ಸಿಕ್ಕರೆ ಉಪಯೋಗಕ್ಕೆ ಬರುತ್ತದೆ. ಗಿಫ್ಟ್ ತೆಗೆದುಕೊಂಡ ಮೇಲೆ ಅವನ ಲ್ಯಾಪ್‌ಟಾಪ್‌ನಲ್ಲಿ ಗೇಮ್ ಓಡದಿದ್ದರೆ ವಾಪಸಾತಿ ಕೇಳಬೇಕಾದವನು ಅವನು, ನೀವಲ್ಲ. ಕೊಂಡು 14 ದಿನದೊಳಗೆ, ಆಡಿದ್ದು ಎರಡು ಗಂಟೆಗಿಂತ ಕಡಿಮೆ ಇದ್ದರೆ ಅವನು ಅರ್ಜಿ ಹಾಕಬಹುದು. ದುಡ್ಡು ಮಾತ್ರ ಬರುವುದು ಕೊಂಡ ನಿಮಗೆ.